ದೇವಸ್ಥಾನ ಟ್ರಸ್ಟ್ ಆಡಳಿತ ಮಂಡಳಿ ಸಭೆಯ ನಡಾವಳಿ: 24 ಆಗಸ್ಟ್ 2025, ಭಾನುವಾರ

ಸಭೆ ದೇವಸ್ಥಾನದ ಕಚೇರಿಯಲ್ಲಿ ಬೆಳಿಗ್ಗೆ 10.30ಕ್ಕೆ ಶುರುವಾಯಿತು. ಒಟ್ಟು 11 ಸದಸ್ಯರಲ್ಲಿ 9 ಮಂದಿ ಬಂದಿದ್ದರು. ಟ್ರಸ್ಟ್ ಪತ್ರದ ಪ್ರಕಾರ ಕೋರಂಗೆ 6 ಮಂದಿ ಸಾಕು. ಇಬ್ಬರು ಬರಲಾಗುವುದಿಲ್ಲ ಎಂದು ಮೊದಲೇ ತಿಳಿಸಿದ್ದರು. ಅಧ್ಯಕ್ಷರು ಸಭೆ ನಡೆಸಿಕೊಟ್ಟರು. ಲೆಕ್ಕ ಪರಿಶೋಧಕರು ವಿಶೇಷ ಆಹ್ವಾನದ ಮೇಲೆ ಬಂದಿದ್ದರು. ಹಿಂದಿನ ಸಭೆಯ ನಡಾವಳಿಯನ್ನು ಕಾರ್ಯದರ್ಶಿ ಓದಿದರು, ತಿದ್ದುಪಡಿ ಇಲ್ಲದೆ ಒಪ್ಪಲಾಯಿತು.

ಬಂದ ಕಾಣಿಕೆ (ಏಪ್ರಿಲ್‌ನಿಂದ ಜುಲೈ 2025)

ಖಜಾಂಚಿಯವರು ಲೆಕ್ಕ ಓದಿದರು. ಹುಂಡಿಯನ್ನು ಎರಡು ಸಲ ಎಣಿಸಿದ್ದು, ಅದರಿಂದ ರೂ. 1,86,430 ಬಂದಿದೆ. ಸೇವಾ ರಶೀದಿಗಳಿಂದ ರೂ. 2,14,600, ಯುಪಿಐ ಮತ್ತು ಬ್ಯಾಂಕ್ ಮೂಲಕ ರೂ. 1,32,250. ಒಬ್ಬ ಭಕ್ತರು ಶಾಶ್ವತ ಪೂಜಾ ನಿಧಿಗೆಂದು ರೂ. 1,00,000 ಚೆಕ್ ಕೊಟ್ಟಿದ್ದಾರೆ. ಹಣ ಮೂಲನಿಧಿಗೇ ಸೇರಬೇಕೆಂದು ಅವರು ಬರೆದುಕೊಟ್ಟ ಪತ್ರವನ್ನು ಫೈಲಿಗೆ ಸೇರಿಸಿದೆ. ಒಟ್ಟು ರೂ. 6,33,280.

ಜುಲೈ ಎಣಿಕೆಯಲ್ಲಿ ನಾಣ್ಯಗಳ ನಡುವೆ ಒಂದು ಚಿಕ್ಕ ಮಗುವಿನ ಚಿನ್ನದ ಬಳೆ ಸಿಕ್ಕಿತ್ತು. ಬಳೆಗೆ ಕೆಂಪು ದಾರ ಸುತ್ತಿತ್ತು, ಚೀಟಿ ಇರಲಿಲ್ಲ. ಯಾರೋ ಹರಕೆ ತೀರಿಸಿದ್ದಾರೆ. ಇಬ್ಬರು ಸದಸ್ಯರ ಎದುರು ದಾರ ಬಿಚ್ಚಿ ತೂಗಿದಾಗ 6.2 ಗ್ರಾಂ ಇತ್ತು. ಆಭರಣ ವಹಿಯಲ್ಲಿ ಬರೆದು ಲಾಕರಿನಲ್ಲಿ ಇಟ್ಟಿದೆ. ಸದ್ಯಕ್ಕೆ ಅದನ್ನು ಮಾರುವುದು ಬೇಡ ಎಂದು ಎಲ್ಲರೂ ಹೇಳಿದರು.

ಕಾಣಿಕೆಗೆ ಆದಾಯ ತೆರಿಗೆಯ 80ಜಿ ರಿಯಾಯಿತಿ ಸಿಗುತ್ತಾ ಎಂದು ಜಾಸ್ತಿ ಜನ ಕೇಳುತ್ತಿದ್ದಾರೆ. ನಮ್ಮದು ಧಾರ್ಮಿಕ ಟ್ರಸ್ಟ್, ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ ಸಿಗುವ 12ಎ ನೋಂದಣಿ ಇದೆ, 80ಜಿ ಇಲ್ಲ ಎಂದು ಪರಿಶೋಧಕರು ಸ್ಪಷ್ಟಪಡಿಸಿದರು. ಕೌಂಟರಿನಲ್ಲಿ ಕೇಳಿದವರಿಗೆ ಇದನ್ನು ನೇರವಾಗಿ ಹೇಳಬೇಕು. ನಂಬಿ ಕೊಟ್ಟವರು ಆಮೇಲೆ ಬೇಸರ ಪಡುವಂತಾಗಬಾರದು.

2024-25ರ ಪರಿಶೋಧಿತ ಲೆಕ್ಕ

ಪರಿಶೋಧಕರು ಲೆಕ್ಕಪತ್ರ ಮಂಡಿಸಿದರು. ಮೂಲನಿಧಿಗೆ ಬಂದದ್ದನ್ನು ಬಿಟ್ಟು ಆದಾಯ ರೂ. 18,42,600, ಸವಕಳಿ ಬಿಟ್ಟು ಖರ್ಚು ರೂ. 15,96,350, ಉಳಿಕೆ ರೂ. 2,46,250. ಆ ವಿನಾಯಿತಿಗೆ ಆದಾಯದ ಶೇ. 85ರಷ್ಟನ್ನು, ಅಂದರೆ ರೂ. 15,66,210ನ್ನು, ಟ್ರಸ್ಟಿನ ಉದ್ದೇಶಕ್ಕೆ ಬಳಸಿರಬೇಕು. ನಾವು ಆ ಗೆರೆ ದಾಟಿದ್ದೇವೆ.

ಆದರೆ ಎರಡು ಆಕ್ಷೇಪಣೆಗಳಿದ್ದವು. ಮೊದಲನೆಯದು, ಉತ್ಸವದ ಶಾಮಿಯಾನಕ್ಕೆ ಒಂದೇ ದಿನ ರೂ. 12,400 ನಗದು ಕೊಟ್ಟಿದ್ದೇವೆ. ಒಬ್ಬರಿಗೆ ಒಂದು ದಿನ ರೂ. 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ಮೊತ್ತ ಟ್ರಸ್ಟಿನ ಖರ್ಚಾಗಿ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಕಳೆದರೂ ರೂ. 15,83,950 ಉಳಿಯುತ್ತದೆ, ಹಾಗಾಗಿ ಈ ಸಲ ತೊಂದರೆ ಇಲ್ಲ. ಅವತ್ತು ಚೆಕ್ ಬುಕ್ ಮುಗಿದಿತ್ತು ಎಂದು ಖಜಾಂಚಿ ವಿವರಿಸಿದರು. ಇನ್ನು ಮುಂದೆ ರೂ. 5,000 ಮೀರಿದ್ದೆಲ್ಲ ಚೆಕ್ ಅಥವಾ ಬ್ಯಾಂಕ್ ಮೂಲಕವೇ ಎಂದು ತೀರ್ಮಾನವಾಯಿತು.

ಎರಡನೆಯದು, 41ನೇ ರಶೀದಿ ಪುಸ್ತಕದಲ್ಲಿ 2037ನೇ ಹಾಳೆಯ ಮೂಲಪ್ರತಿ ಇರಲಿಲ್ಲ, ಕಾರ್ಬನ್ ಪ್ರತಿ ಮೇಲೆ ಏನೂ ಬರೆದಿರಲಿಲ್ಲ. ಸಭೆ ನಡೆಯುತ್ತಿದ್ದಾಗಲೇ ಕೌಂಟರ್ ಸಿಬ್ಬಂದಿ ಡ್ರಾಯರಿನ ತಳದಿಂದ ಅದನ್ನು ಹುಡುಕಿ ತಂದರು. ನಾಲ್ಕು ಮಡಿಕೆ ಮಾಡಿದ ಹಾಳೆ, ಮೇಲೆ ಪೆನ್ಸಿಲಿನಲ್ಲಿ 'ರದ್ದು' ಎಂದಿತ್ತು. ಎಲ್ಲರೂ ನೋಡಿದ ಮೇಲೆ ಅಧ್ಯಕ್ಷರು ಸಹಿ ಹಾಕಿ ಪುಸ್ತಕಕ್ಕೆ ಪಿನ್ ಮಾಡಿಸಿದರು. ಹಣ ಹೋಗಿಲ್ಲ, ನಿಜ. ಆದರೂ ಜನ ಕೊಟ್ಟ ಹತ್ತು ರೂಪಾಯಿಗೂ ನಾವು ಹಾಳೆ ತೋರಿಸುವಂತಿರಬೇಕು, ಅಲ್ವಾ ಎಂದು ಹಿರಿಯ ಸದಸ್ಯರೊಬ್ಬರು ಕೇಳಿದರು. ಇನ್ನು ಮೇಲೆ ರದ್ದಾದ ರಶೀದಿಯ ಎರಡೂ ಪ್ರತಿ ಪುಸ್ತಕದಲ್ಲೇ ಇರಬೇಕು, ಅದೇ ದಿನ ಖಜಾಂಚಿಯ ಸಹಿ ಬೀಳಬೇಕು.

ಲೆಕ್ಕಪತ್ರವನ್ನು ಸರ್ವಾನುಮತದಿಂದ ಅಂಗೀಕರಿಸಲಾಯಿತು. ಸೆಪ್ಟೆಂಬರ್ 30ರ ಒಳಗೆ ಆದಾಯ ತೆರಿಗೆ ಇಲಾಖೆಗೆ 10ಬಿಬಿ ನಮೂನೆಯ ಪರಿಶೋಧನಾ ವರದಿ ಸಲ್ಲಿಸಲು ಪರಿಶೋಧಕರನ್ನು ಕೋರಲಾಯಿತು. ಆದಾಯ-ಖರ್ಚಿನ ಪಟ್ಟಿಯನ್ನು ನೋಟಿಸ್ ಬೋರ್ಡಿಗೂ ಹಾಕಬೇಕು.

ಮಂಜೂರಾದ ಖರ್ಚು

ಸಭಾಮಂಟಪದ ಸೋರುವ ಚಾವಣಿಗೆ ಮೂರು ಕೊಟೇಷನ್ ಬಂದಿದ್ದವು: ರೂ. 1,48,000, ರೂ. 1,55,500 ಮತ್ತು ರೂ. 1,71,000. ಒಬ್ಬ ಗುತ್ತಿಗೆದಾರರು ತಮ್ಮ ಸಂಬಂಧಿ ಎಂದು ತಿಳಿಸಿ ಒಬ್ಬ ಸದಸ್ಯರು ಚರ್ಚೆ ಮುಗಿಯುವ ತನಕ ಹೊರಗೆ ಕೂತರು. ಅದು ಒಳ್ಳೆಯ ನಡೆ ಎಂದು ದಾಖಲಿಸುತ್ತೇವೆ. ಕಡಿಮೆ ದರವನ್ನೇ ಒಪ್ಪಬೇಕು ಎಂದು ಇಬ್ಬರು ವಾದಿಸಿದರು. ಆದರೆ ಎರಡನೆಯವರು 5 ವರ್ಷದ ಗ್ಯಾರಂಟಿಯನ್ನು ಬರವಣಿಗೆಯಲ್ಲಿ ಕೊಟ್ಟಿದ್ದಾರೆ, ಮೊದಲನೆಯವರು ಕೊಟ್ಟಿಲ್ಲ. ಎರಡು ವರ್ಷದ ಹಿಂದೆ ಅಗ್ಗ ಎಂದು ಮಾಡಿಸಿದ ಕೆಲಸವೇ ಈಗ ಸೋರುತ್ತಿರುವುದು. ಕೊನೆಗೆ 6-2 ಮತಗಳಿಂದ ರೂ. 1,55,500ಕ್ಕೆ ಒಪ್ಪಿಗೆಯಾಯಿತು. ಹಣವನ್ನು ಮೂರು ಕಂತಿನಲ್ಲಿ ಕೊಡಬೇಕು, ಕೊನೆಯ ಕಂತು ಒಂದು ದೊಡ್ಡ ಮಳೆ ಕಳೆದ ಮೇಲೆ.

ಹಳೆಯ ವೈರಿಂಗ್ ಬದಲಿಸಲು ರೂ. 22,800, ಪರಿಶೋಧನಾ ಶುಲ್ಕ ರೂ. 15,000. ಈ ಮೂರೂ ಸೇರಿ ರೂ. 1,93,300. ಅರ್ಚಕರ ತಿಂಗಳ ಸಂಬಳವನ್ನು ಸೆಪ್ಟೆಂಬರಿನಿಂದ ರೂ. 14,000ದಿಂದ 16,000ಕ್ಕೆ ಏರಿಸಲಾಯಿತು. ಮೂರು ವರ್ಷದಿಂದ ಏರಿಸಿರಲಿಲ್ಲ.

ಮುಂದಿನ ಸಭೆ 2025ರ ನವೆಂಬರ್ 16, ಭಾನುವಾರ. ವಂದನಾರ್ಪಣೆಯೊಂದಿಗೆ ಮಧ್ಯಾಹ್ನ 1.10ಕ್ಕೆ ಸಭೆ ಮುಗಿಯಿತು.

ಬರೆದವರು: ಕಾರ್ಯದರ್ಶಿ
ಓದಿ ದೃಢೀಕರಿಸಿದವರು: ಅಧ್ಯಕ್ಷರು