ನಮ್ಮ ಮನೆ ಗೃಹಪ್ರವೇಶ: ಫೆಬ್ರವರಿ 20, ಶುಕ್ರವಾರ, ಬೆಳಿಗ್ಗೆ 6:45, ಮೈಸೂರು

॥ ಶ್ರೀ ಗಣೇಶಾಯ ನಮಃ ॥

ದೊಡ್ಡಪ್ಪ, ದೊಡ್ಡಮ್ಮ, ಚಿಕ್ಕಪ್ಪ, ಚಿಕ್ಕಮ್ಮ, ಅತ್ತೆಯರು, ಮಾವಂದಿರು, ಅಕ್ಕ-ಭಾವಂದಿರು, ಮತ್ತೆ ಈ ಗ್ರೂಪಿನಲ್ಲಿ ಎಲ್ಲವನ್ನೂ ಓದಿ ಏನೂ ಹೇಳದೆ ಕೂತಿರುವ ತಮ್ಮ-ತಂಗಿಯರಿಗೆ ರಘು ಮತ್ತು ಶ್ರುತಿ ಮಾಡುವ ನಮಸ್ಕಾರಗಳು.

ದೇವರ ದಯೆಯಿಂದ, ನಿಮ್ಮೆಲ್ಲರ ಆಶೀರ್ವಾದದಿಂದ ಮೈಸೂರಿನ ಮನೆ ಕೆಲಸ ಮುಗಿಯಿತು. (ಪೇಂಟರ್ ಇನ್ನೂ ಹಿತ್ತಲ ಬಾಗಿಲಿಗೆ ಎರಡನೇ ಕೋಟ್ ಹೊಡೆಯುತ್ತಿದ್ದಾರೆ. ಅದು ಲೆಕ್ಕಕ್ಕಿಲ್ಲ.) ಗೃಹಪ್ರವೇಶಕ್ಕೆ ದಿನ ಗೊತ್ತಾಗಿದೆ. ಎಲ್ಲರೂ ಮನೆಮಂದಿ ಸಮೇತ ಬರಬೇಕು. ಮೊದಲು ಹೊತ್ತು ಹೇಳಿಬಿಡುತ್ತೇನೆ, ಮಿಕ್ಕಿದ್ದು ಆಮೇಲೆ.

ಫೆಬ್ರವರಿ 19, ಗುರುವಾರ
ಸಂಜೆ 6:00: ವಾಸ್ತು ಪೂಜೆ, ವಾಸ್ತು ಹೋಮ. ರಾತ್ರಿ 8:30ಕ್ಕೆ ಊಟ.

ಫೆಬ್ರವರಿ 20, ಶುಕ್ರವಾರ
ಬೆಳಿಗ್ಗೆ 6:30: ಎಲ್ಲರೂ ಗೇಟಿನ ಹತ್ತಿರ ಇರಬೇಕು
ಬೆಳಿಗ್ಗೆ 6:45ರಿಂದ 7:30: ಕುಂಭ ಲಗ್ನದಲ್ಲಿ ಪ್ರವೇಶ, ಹಾಲು ಉಕ್ಕಿಸುವುದು
ಬೆಳಿಗ್ಗೆ 8:00: ತಿಂಡಿ
ಬೆಳಿಗ್ಗೆ 9:15: ಸತ್ಯನಾರಾಯಣ ಪೂಜೆ
ಮಧ್ಯಾಹ್ನ 12:00: ಮಂಗಳಾರತಿ
ಮಧ್ಯಾಹ್ನ 12:30ರಿಂದ 2:30: ಊಟ
ಸಂಜೆ 5:30ರಿಂದ 8:30: ಬೆಳಿಗ್ಗೆ ಬರಲಾಗದವರಿಗೆ, ಆಫೀಸಿನವರಿಗೆ, ಅಕ್ಕಪಕ್ಕದವರಿಗೆ

ಸ್ಥಳ: "ಆಸರೆ", ದಟ್ಟಗಳ್ಳಿ 3ನೇ ಹಂತ, ಮೈಸೂರು. ಲೊಕೇಶನ್ ಈ ಮೆಸೇಜಿನ ಕೆಳಗೇ ಹಾಕುತ್ತೇನೆ.

ಈಗ ಒಂದು ಮಾತು. ನಮ್ಮ ಮನೆತನದಲ್ಲಿ 7 ಗಂಟೆ ಅಂದರೆ 8 ಗಂಟೆ, 8 ಅಂದರೆ ತಿಂಡಿ ಖಾಲಿಯಾಗುವ ಹೊತ್ತು. ಮದುವೆ, ನಾಮಕರಣಕ್ಕೆಲ್ಲ ಅದು ನಡೆಯುತ್ತೆ. ಇಲ್ಲಿ ನಡೆಯಲ್ಲ. ಕುಂಭ ಲಗ್ನ ಸ್ಥಿರ ಲಗ್ನ, ಮನೆಗೆ ಒಳ್ಳೆಯದು ಅಂತ ಪುರೋಹಿತರು ಅದನ್ನೇ ಹಿಡಿದಿದ್ದಾರೆ. ಅದು ಮುಗಿಯುವ ತನಕ ತಳ್ಳಬೇಡಿ, 7:30ರೊಳಗೆ ಹಾಲು ಉಕ್ಕಿಬಿಡಬೇಕು ಅಂದಿದ್ದಾರೆ. ಹಸು-ಕರು ಒಳಗೆ ಹೋಗಬೇಕು, ಹೊಸಿಲು ಪೂಜೆ ಆಗಬೇಕು, ಶ್ರುತಿ ಕಳಸ ಹಿಡಿದು ಬಲಗಾಲಿಟ್ಟು ಒಳಗೆ ಬರಬೇಕು, ಒಲೆ ಹಚ್ಚಬೇಕು. ಮುಕ್ಕಾಲು ಗಂಟೆ ಅನ್ನುವುದು ಇಷ್ಟಕ್ಕೆ ಏನೂ ಅಲ್ಲ. ಊಟಕ್ಕೆ ಬಂದರೂ ನಮಗೆ ಸಂತೋಷವೇ. ಆದರೆ ನಮಗೆ ನಿಜವಾಗಿ ಬೇಕಿರುವುದು ಹಾಲು ಉಕ್ಕುವ ಹೊತ್ತಿಗೆ ನೀವೆಲ್ಲ ಆ ಪುಟ್ಟ ಅಡುಗೆಮನೆಯಲ್ಲಿ ಇರುಕಿಕೊಂಡು ನಿಂತಿರುವುದು.

ಶುಕ್ರವಾರ ಯಾಕೆ, ಭಾನುವಾರ ಇಡಬಾರದಿತ್ತಾ ಅಂತ ಆಗಲೇ ಮೂರು ಫೋನ್ ಬಂದಿವೆ. ಕೇಳಿದ್ದೆವು. ಹಿಂದಿನ ಭಾನುವಾರ ಶಿವರಾತ್ರಿ. ಮುಂದಿನ ಭಾನುವಾರ ಪುರೋಹಿತರು ಒಪ್ಪಲಿಲ್ಲ. ಬೇಸಿಗೆ ರಜೆಗೆ ಹಾಕೋಣ ಅಂದರೆ ಈ ವರ್ಷ ಮೇ ತಿಂಗಳಲ್ಲಿ ಅಧಿಕ ಮಾಸ ಶುರುವಾಗುತ್ತೆ, ಅದು ಮುಗಿದು ಒಂದು ತಿಂಗಳಿಗೆ ಆಷಾಢ. ಅಷ್ಟರವರೆಗೆ ಬಾಡಿಗೆಯನ್ನೂ ಕಟ್ಟಿ ಸಾಲದ ಕಂತನ್ನೂ ಕಟ್ಟುವ ಶಕ್ತಿ ನಮಗಿಲ್ಲ. ಹಾಗಾಗಿ ಒಂದು ದಿನ ರಜೆ ಹಾಕಿ ಬನ್ನಿ. ಶನಿವಾರ, ಭಾನುವಾರ ಹೇಗೂ ಸಿಗುತ್ತೆ, ಮೈಸೂರು ನೋಡಿಕೊಂಡು ಹೋಗಬಹುದು. ಪಿಯುಸಿ, ಎಸ್ಸೆಸ್ಸೆಲ್ಸಿ ಮಕ್ಕಳಿರುವ ಮನೆಯವರು ಪರೀಕ್ಷೆ ಬಿಟ್ಟು ಬರಬೇಕಿಲ್ಲ, ಅದಕ್ಕೆ ನಮಗೆ ಬೇಜಾರೂ ಇಲ್ಲ. ಒಬ್ಬರಾದರೂ ಸಂಜೆ ಬಂದು ಹೋಗಿ, ಮಗುವಿಗೆ ಹೋಳಿಗೆ ಕಟ್ಟಿಕೊಡುತ್ತೇವೆ.

ವಾಟ್ಸಾಪಿನಲ್ಲಿ ಕರೆದರೆ ಕರೆದಂಗಾಯ್ತಾ ಅಂತ ಅಮ್ಮ ನನ್ನನ್ನು ಬೈದಾಗಿದೆ. ಆಗಲ್ಲ, ನನಗೂ ಗೊತ್ತು. ಜನವರಿ 31, ಫೆಬ್ರವರಿ 1 ಹಾಸನ, ಹೊಳೆನರಸೀಪುರದ ಕಡೆ ಬರುತ್ತೇವೆ. ಫೆಬ್ರವರಿ 8 ಭಾನುವಾರ ಬೆಂಗಳೂರು. ಪತ್ರಿಕೆ, ಅರಿಶಿನ ಕುಂಕುಮ, ಅಕ್ಷತೆ ಕೊಟ್ಟೇ ಕರೆಯುತ್ತೇವೆ. ಆ ದಿನ ಮನೆಯಲ್ಲಿ ಇರದವರು ಇವತ್ತೇ ಹೇಳಿಬಿಡಿ. ದೂರದೂರಿನಲ್ಲಿದ್ದು ನಾವು ಬಂದು ತಲುಪಲಾಗದವರು ಮಾತ್ರ, ದಯವಿಟ್ಟು, ಇದನ್ನೇ ಬಾಗಿಲಿಗೆ ಬಂದು ಕರೆದದ್ದು ಅಂತ ತಿಳಿದುಕೊಳ್ಳಿ. ಸರೋಜತ್ತೆ, ಇದು ನಿಮಗೇ ಹೇಳುತ್ತಿರುವುದು. ಹುಬ್ಬಳ್ಳಿಗೆ ಬರಲು ಆಗುತ್ತಿಲ್ಲ, ಫೋನ್ ಮಾಡುತ್ತೇನೆ, ಕೋಪ ಮಾಡಿಕೊಳ್ಳಬೇಡಿ.

ಗುರುವಾರ ಸಂಜೆಯ ಹೋಮಕ್ಕೆ ಯಾರು ಬೇಕಾದರೂ ಬರಬಹುದು. ಆದರೆ ಪ್ರವೇಶಕ್ಕೆ ಮೊದಲು ಹೊಸ ಮನೆಯಲ್ಲಿ ಯಾರೂ ಮಲಗುವ ಹಾಗಿಲ್ಲ. ಹಿಂದಿನ ರಾತ್ರಿ ಉಳಿಯುವವರಿಗೆ ರಾಮಕೃಷ್ಣನಗರದ ನಮ್ಮ ಬಾಡಿಗೆ ಮನೆ ಇದೆ, ಜೊತೆಗೆ ಹತ್ತಿರದ ಲಾಡ್ಜಿನಲ್ಲಿ ನಾಲ್ಕು ರೂಮ್ ಹೇಳಿದ್ದೇವೆ. ಹಿರಿಯರಿಗೆ, ಚಿಕ್ಕ ಮಕ್ಕಳಿರುವವರಿಗೆ ರೂಮು. ಉಳಿದ ಗಂಡಸರಿಗೆ ಚಾಪೆ, ದಿಂಬು, ಇಸ್ಪೀಟು. ಬೆಳಿಗ್ಗೆ 5 ಗಂಟೆಗೆ ಬಿಸಿನೀರು ಮತ್ತು ಕಾಫಿ ಸಿಗುತ್ತೆ. 6:10ಕ್ಕೆ ಅಲ್ಲಿಂದ ಗಾಡಿ ಹೊರಡುತ್ತೆ. ಇಸ್ಪೀಟು ಆಡಿ 2 ಗಂಟೆಗೆ ಮಲಗಿದವರನ್ನು ಎಬ್ಬಿಸುವ ಜವಾಬ್ದಾರಿ ಯಾರದ್ದೂ ಅಲ್ಲ.

ಬೆಂಗಳೂರಿನವರು ಆದಷ್ಟು ಹಿಂದಿನ ದಿನವೇ ಬನ್ನಿ. ಬೆಳಿಗ್ಗೆಯೇ ಹೊರಡುತ್ತೇವೆ ಅನ್ನುವವರು 3:30ಕ್ಕೆ ಮನೆ ಬಿಟ್ಟಿರಬೇಕು, 4:30ಕ್ಕಲ್ಲ. ಮೈಸೂರು ಹತ್ತಿರ ಬಂದಮೇಲೆ ಊರೊಳಗೆ ನುಗ್ಗಬೇಡಿ. ಕೊಲಂಬಿಯಾ ಏಷ್ಯಾ ಜಂಕ್ಷನ್ನಿನಲ್ಲಿ ಬಲಕ್ಕೆ ರಿಂಗ್ ರೋಡ್ ಹಿಡಿಯಿರಿ. ಕೆಆರ್‌ಎಸ್ ರಸ್ತೆ ದಾಟಿ, ಹಿನಕಲ್ ದಾಟಿ, ಬೋಗಾದಿ ಆದಮೇಲೆ ದಟ್ಟಗಳ್ಳಿ. ಬೈಕಿನಲ್ಲಿ ಬರುತ್ತೇವೆ ಅಂತ ಕುಣಿಯುತ್ತಿರುವ ಹುಡುಗರು ಕೇಳಿಸಿಕೊಳ್ಳಿ: ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟಿನಿಂದ ಬೈಕ್ ಬಿಡುತ್ತಿಲ್ಲ. ಸರ್ವಿಸ್ ರಸ್ತೆಯಲ್ಲಿ, ಕತ್ತಲಲ್ಲಿ, ಚಳಿಯಲ್ಲಿ ಬರಬೇಕು. ಸುಮ್ನೆ ಕಾರಿನಲ್ಲಿ ಜಾಗ ಕೇಳಿ. ಬಸ್ಸಿನವರಿಗೆ ರಾತ್ರಿಯಿಡೀ ಬಸ್ಸಿದೆ, ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಆಟೋ ಮಾಡಿ. ಹಾಸನ, ಹೊಳೆನರಸೀಪುರದಿಂದ ಕೆ.ಆರ್. ನಗರದ ಮೇಲೆ ಬರುವವರಿಗೆ ಹಿನಕಲ್ ಫ್ಲೈಓವರ್ ಹತ್ತಿರ ರಿಂಗ್ ರೋಡ್ ಸಿಗುತ್ತೆ, ಅಲ್ಲಿಂದ ಬೋಗಾದಿ ಕಡೆಗೆ ತಿರುಗಿದರೆ ಆಯ್ತು.

ನಮ್ಮ ರಸ್ತೆ ಚಿಕ್ಕದು. ಪ್ರವೇಶದ ಹೊತ್ತಿಗೆ ಗೇಟಿನ ಮುಂದೆ ಹಸು-ಕರು ನಿಂತಿರುತ್ತವೆ, ಕರು ಹಾರ್ನಿಗೆ ಬೆದರುತ್ತೆ ಅಂತ ಅದರ ಯಜಮಾನರು ಮೊದಲೇ ಹೇಳಿದ್ದಾರೆ. ಕಾರುಗಳನ್ನು ನೀರಿನ ಟ್ಯಾಂಕಿನ ಪಕ್ಕದ ಮೈದಾನದಲ್ಲಿ ನಿಲ್ಲಿಸಿ ನಡೆದು ಬನ್ನಿ, ಎರಡು ನಿಮಿಷ. ನಡೆಯಲು ಕಷ್ಟವಿರುವವರನ್ನು ಗೇಟಿನಲ್ಲೇ ಇಳಿಸಿ. ಮೂರೇ ಮೆಟ್ಟಿಲು, ಕೈಹಿಡಿಯಲು ಕಂಬಿಯೂ ಇದೆ.

ಅಜ್ಜಿಯ ವಿಷಯ. ಮೊಣಕಾಲು ನೋವು, ಅಷ್ಟು ಬೆಳಿಗ್ಗೆ ಯಾಕೆ, ಊಟದ ಹೊತ್ತಿಗೆ ಕರೆದುಕೊಂಡು ಬರುತ್ತೇವೆ ಅಂತ ಚಿಕ್ಕಪ್ಪ ಹೇಳುತ್ತಿದ್ದಾರೆ. ಚಿಕ್ಕಪ್ಪ, ದಯವಿಟ್ಟು ಬುಧವಾರವೇ ಅಜ್ಜಿಯನ್ನು ಕರೆತನ್ನಿ. ಕಾರಣ ಇದೆ. ಊರಿನ ಹಳೇ ಮನೆ ಕೆಡವಿದಾಗ ನಡುಮನೆಯ ಹಲಸಿನ ಬಾಗಿಲನ್ನು ಅಪ್ಪ ಬಿಚ್ಚಿಸಿ ಇಟ್ಟಿದ್ದರಲ್ಲ, ಅದೇ ಈಗ ನಮ್ಮ ದೇವರಮನೆಗೆ ಬಾಗಿಲು. ಅಳತೆಗೆ ಕೊಯ್ಯಿಸಿ ಪಾಲಿಶ್ ಮಾಡಿಸಿದ್ದೇವೆ. ತೋರಣದ ಮೊಳೆ ಹೊಡೆದ ತೂತುಗಳನ್ನು ಬಡಗಿ ಮುಚ್ಚುತ್ತೇನೆ ಅಂದರು, ಬೇಡ ಅಂದೆ. ಚಿಲಕವೂ ಅದೇ, ಈಗಲೂ ಸ್ವಲ್ಪ ಮೇಲೆತ್ತಿ ಎಳೆದರೇ ಬರುವುದು. ಒಳಗೆ ಮೊದಲ ದೀಪ ಅಜ್ಜಿಯೇ ಹಚ್ಚಬೇಕು ಅಂತ ಅಪ್ಪ ಹೇಳಿದ್ದರು. ಅಪ್ಪನಂತೂ ಇಲ್ಲ, ಅವರ ಮಾತಾದರೂ ನಡೆಯಲಿ. ಅಜ್ಜಿಗೆ ಕುರ್ಚಿ, ಶಾಲು, ಸಕ್ಕರೆ ಇಲ್ಲದ ಕಾಫಿ ಎಲ್ಲಕ್ಕೂ ಶ್ರುತಿ ವ್ಯವಸ್ಥೆ ಮಾಡಿದ್ದಾಳೆ. ಈ ಬಾಗಿಲಿನ ವಿಷಯ ಅಜ್ಜಿಗೆ ಈಗಲೇ ಯಾರೂ ಹೇಳಬೇಡಿ.

ಹೊರದೇಶದವರಿಗೆ ವಿಡಿಯೋ ಕಾಲ್ ಇಡುತ್ತೇವೆ. ಸುಮಕ್ಕ, ನ್ಯೂಜೆರ್ಸಿಯಲ್ಲಿ ನಿಮಗೆ ಅದು ಗುರುವಾರ ರಾತ್ರಿ 8:15. ಶುಕ್ರವಾರ ರಾತ್ರಿ ಅಲ್ಲ, ಗುರುವಾರ. ಕಿರಣ, ದುಬೈನಲ್ಲಿ ಶುಕ್ರವಾರ ಬೆಳಗಿನ ಜಾವ 5:15. ಫೋನ್ ಹಿಡಿದುಕೊಳ್ಳುವುದು ಪ್ರವೀಣನ ಕೆಲಸ. ಲಿಂಕನ್ನು ಅವನೇ ಗುರುವಾರ ಮಧ್ಯಾಹ್ನ ಇಲ್ಲಿ ಹಾಕುತ್ತಾನೆ.

ಊಟದ ಬಗ್ಗೆ ಜಾಸ್ತಿ ಹೇಳಲ್ಲ, ಬಂದು ನೋಡಿ. ತಿಂಡಿಗೆ ಇಡ್ಲಿ, ಖಾರಾಬಾತ್, ಕೇಸರಿಬಾತ್. ಮಧ್ಯಾಹ್ನ ಬಾಳೆ ಎಲೆ, ಬೇಳೆ ಹೋಳಿಗೆ, ಮತ್ತೆ ದೊಡ್ಡಪ್ಪ ಪ್ರತಿ ಸಲ ಕೇಳುವ ಮಜ್ಜಿಗೆ ಹುಳಿ. ಪಕ್ಕದ ಖಾಲಿ ಸೈಟಿನಲ್ಲಿ ಶಾಮಿಯಾನ ಹಾಕಿಸಿದ್ದೇವೆ, ಒಂದು ಪಂಕ್ತಿಗೆ 60 ಜನ ಕೂರಬಹುದು. 12:30ರ ಮೊದಲ ಪಂಕ್ತಿ ಹಿರಿಯರಿಗೆ, ಮಕ್ಕಳಿಗೆ ಮತ್ತು ಅದೇ ದಿನ ವಾಪಸ್ ಹೊರಡುವವರಿಗೆ. ಕೆಳಗೆ ಕೂರಲಾಗದವರಿಗೆ ಟೇಬಲ್ ಇದೆ.

ಅಡುಗೆಯವರಿಗೆ ಲೆಕ್ಕ ಕೊಡಬೇಕು. ಹಾಗಾಗಿ ಫೆಬ್ರವರಿ 10, ಮಂಗಳವಾರದೊಳಗೆ ಪ್ರತಿ ಮನೆಯಿಂದ ಒಬ್ಬರು ಇಲ್ಲೇ ಬರೆಯಿರಿ: ಎಷ್ಟು ಜನ, ಯಾವ ಹೊತ್ತಿಗೆ, ರಾತ್ರಿ ಉಳಿಯುತ್ತೀರಾ. "ಸವಿತಾ, 4 ಜನ, ಗುರುವಾರ ಸಂಜೆ, ಉಳಿಯುತ್ತೇವೆ" ಅಂದರೆ ಸಾಕು. ಬರೀ ಕೈಮುಗಿಯುವ ಚಿತ್ರ ಹಾಕಿದರೆ ಬರುತ್ತೀರೋ ಇಲ್ಲವೋ ಗೊತ್ತಾಗಲ್ಲ. ಮತ್ತೆ ಇಲ್ಲಿ ಒಂದು ವಾರ ಗುಡ್ ಮಾರ್ನಿಂಗ್ ಚಿತ್ರ ಸ್ವಲ್ಪ ಕಡಿಮೆ ಮಾಡೋಣ, ಅಲ್ವಾ? ಲೆಕ್ಕ ಮೇಲೆ ಹೋಗಿಬಿಡುತ್ತೆ.

ಉಡುಗೊರೆ ಬೇಡ. ಹೀಗೆ ಹೇಳಿದರೂ ನೀವು ತರುತ್ತೀರಿ ಅಂತ ಗೊತ್ತು, ಆದ್ದರಿಂದ ಇಷ್ಟು: ಗೋಡೆ ಗಡಿಯಾರ ಮಾತ್ರ ಬೇಡ. ತರಲೇಬೇಕು ಅನ್ನಿಸಿದರೆ ನಿಮ್ಮ ಹಿತ್ತಲಿನ ಒಂದು ಗಿಡ ತನ್ನಿ. ಮುಂದೆ ನಾಲ್ಕಡಿ ಮಣ್ಣು ಬಿಟ್ಟಿದ್ದೇವೆ. ದೊಡ್ಡಮ್ಮ, ನಿಮ್ಮ ಮನೆಯ ಮೈಸೂರು ಮಲ್ಲಿಗೆಯ ಒಂದು ಕಡ್ಡಿ ಖಂಡಿತ ಬೇಕು.

ಅವತ್ತು ನಾನು, ಶ್ರುತಿ ಪೂಜೆಗೆ ಕೂತಿರುತ್ತೇವೆ, ಫೋನ್ ಎತ್ತಲ್ಲ. ದಾರಿಗೆ, ಗಾಡಿಗೆ ಪ್ರವೀಣನನ್ನು ಕೇಳಿ. ರೂಮಿಗೆ ಸವಿತಕ್ಕನನ್ನು. ಇಬ್ಬರ ನಂಬರೂ ಈ ಗ್ರೂಪಿನಲ್ಲೇ ಇದೆ.

ನಿಮ್ಮ ಬರವನ್ನೇ ಎದುರು ನೋಡುತ್ತಿರುವ
ರಘು, ಶ್ರುತಿ, ಪುಟ್ಟ ಅನಘಾ ಮತ್ತು ಅಮ್ಮ

ಬರೆಯುವುದು ಮರೆತೆ: ಬೆಳಿಗ್ಗೆ ಚಳಿ ಇರುತ್ತೆ, ಮಕ್ಕಳಿಗೆ ಸ್ವೆಟರ್ ಹಾಕಿಕೊಂಡು ಬನ್ನಿ. 6:30. ಗೇಟಿನ ಹತ್ತಿರ.