ಗ್ರೂಪ್ ಮ್ಯೂಟ್ ಮಾಡಿದ್ದೇನೆ, ತಪ್ಪು ತಿಳೀಬೇಡಿ

ದೋಸ್ತರೇ, ನಿನ್ನೆ ನಮ್ಮ ಗ್ರೂಪನ್ನು ಮ್ಯೂಟ್ ಮಾಡಿದ್ದೇನೆ. ನೀವು ಕೇಳುವ ಮೊದಲು ನಾನೇ ಹೇಳುತ್ತೇನೆ. ಯಾರ ಮೇಲೂ ಸಿಟ್ಟಿಲ್ಲ. ಮೊನ್ನೆಯ ಕ್ರಿಕೆಟ್ ವಾದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಬೀದರಿನಲ್ಲಿ ಅವ್ವ ಒಬ್ಬಳೇ ಇದ್ದಾಳೆ. ತಿಂಗಳಿಂದ ಆರಾಮಿಲ್ಲ. ರಾತ್ರಿ ಫೋನ್ ಸದ್ದು ಮಾಡಿದರೆ ಸಾಕು, ಅವಳದೇ ಅಂತ ಎದೆ ಧಸಕ್ ಅನ್ನುತ್ತದೆ. ಎದ್ದು ನೋಡಿದರೆ ಗ್ರೂಪಿನ ವಿಡಿಯೋ. ಆಮೇಲೆ ನಿದ್ದೆ ಬರುವುದಿಲ್ಲ. ಸೌಂಡ್ ಪೂರ್ತಿ ಬಂದ್ ಮಾಡೋಕೂ ಆಗಲ್ಲ, ಅಲ್ವಾ?

ಗ್ರೂಪ್ ಬಿಟ್ಟಿಲ್ಲ. ರವಿವಾರ ಕೂತು ಎಲ್ಲ ಓದುತ್ತೇನೆ. ಹಳೇ ಕಾಲೇಜ್ ಫೋಟೋ ಹಾಕುವುದು ನಿಲ್ಲಿಸಬೇಡಿ, ಅವು ನನಗೆ ಬೇಕು. ಅರ್ಜೆಂಟ್ ಇದ್ದರೆ ನೇರ ಫೋನ್ ಮಾಡಿ, ಎಷ್ಟೊತ್ತಾದರೂ ಎತ್ತುತ್ತೇನೆ. ಕಲಬುರಗಿಯಲ್ಲಿದ್ದಾಗ ಶರಣಬಸವೇಶ್ವರ ಗುಡಿ ಹತ್ತಿರ ಚಹಾಕ್ಕೆ ಕರೆಯಿರಿ, ಬಂದೇ ಬರುತ್ತೇನೆ.