ಮೂವತ್ತು ಸೆಕೆಂಡಿನ ಅನಿಮೇಷನ್ ಜಾಹೀರಾತಿನ ಕೊಟೇಶನ್

ನಮಸ್ಕಾರ ಮೇಡಂ,

ಮೊನ್ನೆ ನಿಮ್ಮ ಸ್ಟೇಷನರಿ ಅಂಗಡಿಯಲ್ಲಿ ಮಾತಾಡಿದಂತೆ ಲೆಕ್ಕ ಹಾಕಿ ಕಳಿಸುತ್ತಿದ್ದೇನೆ.

ಕಥೆ ಇಷ್ಟೇ. ಹುಡುಗಿಯೊಬ್ಬಳು ಕೌಂಟರ್ ಮೇಲಿನ ಚೀಟಿಯಲ್ಲಿ ಪೆನ್ನು ಗೀಚಿ ನೋಡುತ್ತಾಳೆ. ಆ ಗೀಟೇ ಉದ್ದವಾಗುತ್ತಾ ರಸ್ತೆ, ಸೈಕಲ್, ಗಾಳಿಪಟ ಆಗಿ, ಕೊನೆಗೆ ನಿಮ್ಮ ಬೋರ್ಡಿನ ಅಕ್ಷರವಾಗುತ್ತದೆ.

ನೀವು ಮೂರು ಮಕ್ಕಳು ಕುಣಿಯಲಿ ಅಂದಿದ್ದಿರಿ. ಅದನ್ನು ಬಿಟ್ಟಿದ್ದಕ್ಕೆ ಕಾರಣ ಇದೆ. ಸೆಕೆಂಡಿಗೆ 24 ಫ್ರೇಮ್ ಅಂದರೆ ಒಟ್ಟು 720. ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೂ 360 ಚಿತ್ರ ಬೇಕು. ಒಂದಕ್ಕೆ ಹತ್ತೇ ನಿಮಿಷ ಅಂದುಕೊಂಡರೂ 60 ಗಂಟೆ! ಗೀಟು ಓಡಿಸುವುದು ಸುಲಭ, ಕಾಲು ಕುಣಿಸುವುದು ಕಷ್ಟ. ಹುಡುಗಿಯ ಕೈ, ತಲೆಗಳನ್ನು ಬಿಡಿ ತುಂಡುಗಳಾಗಿ ಬರೆದು ಅಲ್ಲಾಡಿಸಿದರೆ 30 ಗಂಟೆಯಲ್ಲಿ ಮುಗಿಯುತ್ತದೆ. ಇನ್ನೊಂದು ಪಾತ್ರ ಬೇಕೇ ಬೇಕು ಅಂದರೆ ಹತ್ತು ಗಂಟೆ, ಅಂದರೆ ₹5,000 ಜಾಸ್ತಿ.

ನನ್ನ ಕೆಲಸಕ್ಕೆ ಗಂಟೆಗೆ ₹500:

ಸ್ಕ್ರಿಪ್ಟ್, ದೃಶ್ಯಗಳ ಕಚ್ಚಾ ಚಿತ್ರಗಳ ಸ್ಟೋರಿಬೋರ್ಡ್ – 8 ಗಂಟೆ – ₹4,000
ಪಾತ್ರ, ಅಂಗಡಿಯ ಹಿನ್ನೆಲೆ – 12 ಗಂಟೆ – ₹6,000
ಅನಿಮೇಷನ್ – 30 ಗಂಟೆ – ₹15,000
ಎಡಿಟಿಂಗ್, ಸೌಂಡ್ – 6 ಗಂಟೆ – ₹3,000
ದನಿ ಕೊಡುವವರಿಗೆ – ₹2,500
ಸಂಗೀತದ ಲೈಸೆನ್ಸ್ – ₹1,500
ಅನಿರೀಕ್ಷಿತ ಖರ್ಚಿಗೆ ಶೇ. 10 – ₹3,200
ಒಟ್ಟು – ₹35,200

ಆ ₹3,200 ಖರ್ಚಾಗದಿದ್ದರೆ ಕೊನೆಯ ಬಿಲ್ಲಿನಲ್ಲಿ ಕಳೆಯುತ್ತೇನೆ. ನನಗೆ ಜಿಎಸ್‌ಟಿ ನೋಂದಣಿ ಇಲ್ಲ, ಹಾಗಾಗಿ ಮೇಲೆ ತೆರಿಗೆ ಬರುವುದಿಲ್ಲ. ಸಿನಿಮಾ ಹಾಡು ಹಾಕೋಣ ಅಂದಿದ್ದಿರಿ, ಅದು ಬೇಡ. ಅನುಮತಿ ಇಲ್ಲದೆ ಬಳಸಿದರೆ ವಿಡಿಯೊ ತೆಗೆದುಹಾಕಬಹುದು, ಆಮೇಲೆ ಇಬ್ಬರಿಗೂ ತಲೆನೋವು.

ಸ್ಟೋರಿಬೋರ್ಡ್ ಹಂತದಲ್ಲಿ ಎರಡು ಸಲದವರೆಗೆ ಏನು ಬೇಕಾದರೂ ತಿದ್ದಿಸಿ, ಅದಕ್ಕೆ ದುಡ್ಡಿಲ್ಲ. ನೀವು ಒಪ್ಪಿದ ಮೇಲೆ ಬದಲಾವಣೆ ಬಂದರೆ ಗಂಟೆ ಲೆಕ್ಕ. ಹಿಂದೊಮ್ಮೆ ಒಬ್ಬರು ಎಲ್ಲ ಮುಗಿದ ಮೇಲೆ ಅಂಗಡಿಯ ಹೆಸರನ್ನೇ ಬದಲಾಯಿಸಿದರು. ಸುಮ್ನೆ ಮಾಡಿಕೊಟ್ಟು ಮೂರು ರಾತ್ರಿ ನಿದ್ದೆಗೆಟ್ಟೆ. ಆದ್ದರಿಂದ ಬೋರ್ಡಿನ ಕಾಗುಣಿತ, ಫೋನ್ ನಂಬರ್ ಈಗಲೇ ಬರೆದು ಕಳಿಸಿ.

ಟಿವಿಗೆ ಅಡ್ಡ, ಮೊಬೈಲಿಗೆ ಉದ್ದ, ಎರಡೂ ಅಳತೆಯ ವಿಡಿಯೊ ಈ ದರದಲ್ಲೇ ಸೇರಿದೆ. ಟಿವಿ ಅಥವಾ ಆನ್‌ಲೈನ್‌ನಲ್ಲಿ ಪ್ರಸಾರ ಮಾಡುವ ಖರ್ಚು ಸೇರಿಲ್ಲ.

ಶುರುವಿಗೆ ₹17,600, ಫೈನಲ್ ಫೈಲ್ ಕೊಡುವಾಗ ಉಳಿದದ್ದು. ಅಡ್ವಾನ್ಸ್ ಬಂದ ದಿನದಿಂದ ಮೂರು ವಾರ ಬೇಕು. ಈ ದರ 15 ದಿನ ಇರುತ್ತದೆ.

ಅಂದ ಹಾಗೆ, ಗಿರಾಕಿಗಳು ಗೀಚಿದ ಆ ಚೀಟಿಗಳನ್ನು ಬಿಸಾಡಬೇಡಿ. ಚಿತ್ರ ಬರೆಯಲು ನನಗೆ ಬೇಕು.